ಸಂಪಾದಕರ ಉತ್ತರ: ಶಾಲಾ ಯೂನಿಫಾರ್ಮ್ ಆರ್ಡರಿಗೆ ಕ್ಯಾಪ್ಷನ್ ಬರೆಯುವ ಮುನ್ನ

*ಮಾನ್ಯರೇ, ನನ್ನದು ನಾಲ್ಕು ಮೆಷಿನ್ನಿನ ಟೈಲರ್ ಅಂಗಡಿ. ಊರಿನ ಖಾಸಗಿ ಶಾಲೆಯ ಸುಮಾರು 180 ಮಕ್ಕಳಿಗೆ ತಲಾ ಎರಡು ಸೆಟ್ ಯೂನಿಫಾರ್ಮ್ ಹೊಲಿಯುವ ಆರ್ಡರ್ ಬಂದಿದೆ. ಹೋದ ವರ್ಷ ‘ಯೂನಿಫಾರ್ಮ್ ಹೊಲಿದುಕೊಡಲಾಗುವುದು, ಬಲ್ಕ್ ಆರ್ಡರಿಗೆ ರಿಯಾಯಿತಿ, ಸಂಪರ್ಕಿಸಿ’ ಎಂದು ಫೋಟೊ ಜೊತೆ ವಾಟ್ಸಾಪಿನಲ್ಲಿ ಹಾಕಿದ್ದೆ. ದಿನವಿಡೀ ಫೋನು, ಎಲ್ಲರದೂ ಅವೇ ಪ್ರಶ್ನೆ. ಕೊನೆಗೆ ಶಾಲೆ ಶುರುವಾದರೂ ಬಟ್ಟೆ ಮುಗಿದಿರಲಿಲ್ಲ. ಈ ಸಲ ಕ್ಯಾಪ್ಷನ್ ಹೇಗೆ ಬರೆಯಲಿ?*
— ಓದುಗರೊಬ್ಬರು, ತಿಪಟೂರು ತಾಲ್ಲೂಕು

ಕ್ಯಾಪ್ಷನ್ನಿನಲ್ಲಿ ಮೂರು ತಾರೀಕು, ಒಂದು ದರಪಟ್ಟಿ ಇದ್ದರೆ ಮುಕ್ಕಾಲು ಪಾಲು ಫೋನು ನಿಲ್ಲುತ್ತದೆ. ಆದರೆ ಆ ತಾರೀಕುಗಳನ್ನು ಅಂದಾಜಿನಲ್ಲಿ ಬರೆದರೆ ಜೂನ್ ತಿಂಗಳಲ್ಲಿ ಮತ್ತೆ ಅದೇ ಪಾಡು. ಆದ್ದರಿಂದ ಮೊದಲು ಲೆಕ್ಕ ಹಾಕೋಣ.

ಒಂದೇ ಬಣ್ಣದ ಬಟ್ಟೆಯನ್ನು ಒಟ್ಟಿಗೆ ಕತ್ತರಿಸಿಕೊಟ್ಟರೆ ನುರಿತ ಕೈ ದಿನಕ್ಕೆ ಮೂರು ಸೆಟ್ ಹೊಲಿಯುತ್ತದೆ ಎಂದಿಟ್ಟುಕೊಳ್ಳಿ. ನಾಲ್ಕು ಮೆಷಿನ್ನಿಗೆ ಹನ್ನೆರಡು ಸೆಟ್. ನಿಮ್ಮ 360 ಸೆಟ್‌ಗೆ ಬರೀ ಹೊಲಿಗೆಯೇ 30 ಕೆಲಸದ ದಿನ. ಕಾಜ, ಗುಂಡಿ, ಇಸ್ತ್ರಿ, ಸಣ್ಣಪುಟ್ಟ ತಿದ್ದುಪಡಿಗೆ ಇನ್ನೈದು ದಿನ. ಭಾನುವಾರಗಳನ್ನೂ ಸೇರಿಸಿದರೆ 41 ದಿನವಾಗುತ್ತದೆ. ಮೇ 26ಕ್ಕೆ ಎಲ್ಲವನ್ನೂ ಕೊಡಬೇಕೆಂದರೆ ಏಪ್ರಿಲ್ 15ಕ್ಕೇ ಮೆಷಿನ್ ತುಳಿಯಲು ಶುರುಮಾಡಿರಬೇಕು. ನಡುವೆ ಕರೆಂಟು ಹೋಗುತ್ತದೆ, ಒಬ್ಬರಿಗೆ ಜ್ವರ ಬರುತ್ತದೆ, ಮದುವೆಯ ರವಿಕೆಗಳೂ ಬಂದು ಕೂರುತ್ತವೆ. ಹೋದ ವರ್ಷ ತಡವಾದದ್ದಕ್ಕೆ ಕೈ ನಿಧಾನವಾದದ್ದು ಕಾರಣವಾಗಿರಲಾರದು. ಎರಡೂ ಸೆಟ್ಟನ್ನು ಒಂದೇ ದಿನ ಕೊಡುತ್ತೇನೆಂದು ಹೊರಟದ್ದೇ ಕಾರಣ ಅನಿಸುತ್ತದೆ.

ನಮ್ಮ ಸಲಹೆ, ಸೆಟ್‌ಗಳನ್ನು ಎರಡು ಕಂತಿನಲ್ಲಿ ಕೊಡಿ. ಮೊದಲನೆಯದು ಮೇ 23ಕ್ಕೆ, ಎರಡನೆಯದು ಜೂನ್ 15ಕ್ಕೆ. ಮೊದಲ ಕಂತಿನ 180 ಸೆಟ್‌ಗೆ 15 ದಿನದ ಹೊಲಿಗೆ ಸಾಕು, ಉಸಿರಾಡಲು ಜಾಗ ಸಿಗುತ್ತದೆ. ಇನ್ನೊಂದು ಅನುಕೂಲವೂ ಇದೆ. ಕತ್ತರಿಸುವಾಗ ಎರಡೂ ಸೆಟ್ಟನ್ನು ಒಟ್ಟಿಗೆ ಕತ್ತರಿಸಿ, ಆದರೆ ಎರಡನೆಯದರ ಪಕ್ಕದ ಹೊಲಿಗೆ ಮತ್ತು ಕೆಳಮಡಿಕೆ ಹಾಕದೆ ಇಡಿ. ಮಗು ಮೊದಲನೆಯದನ್ನು ತೊಟ್ಟು ‘ಸೊಂಟ ಬಿಗಿ’ ಎಂದರೆ ಎರಡನೆಯದನ್ನು ಬಿಚ್ಚದೆಯೇ ಸರಿಮಾಡಬಹುದು.

ಅಳತೆಯ ದಿನ ಯಾವುದೆಂಬುದನ್ನು ನಿರ್ಧರಿಸುವುದು ಶಾಲೆಯ ಫಲಿತಾಂಶದ ದಿನ. ರಾಜ್ಯ ಪಠ್ಯಕ್ರಮದ ಶಾಲೆಗಳಲ್ಲಿ ಅದು ಸಾಮಾನ್ಯವಾಗಿ ಏಪ್ರಿಲ್ 10ರ ಆಸುಪಾಸು. ಅದು ಕಳೆದರೆ ಮಕ್ಕಳು ಅಜ್ಜಿ ಮನೆ ಸೇರುತ್ತಾರೆ, ಮೇ ಕೊನೆಯವರೆಗೆ ಕೈಗೆ ಸಿಗುವುದಿಲ್ಲ. ಹಾಗೆಂದು ಫಲಿತಾಂಶದ ದಿನವನ್ನೇ ನೆಚ್ಚಿಕೊಳ್ಳಬೇಡಿ. ಒಬ್ಬರು ಟೇಪು ಹಿಡಿದು ಕೂಗಿ, ಇನ್ನೊಬ್ಬರು ಬರೆದುಕೊಂಡರೂ ಗಂಟೆಗೆ 15 ಮಕ್ಕಳನ್ನು ಅಳೆಯುವುದೇ ಹೆಚ್ಚು. 180 ಮಕ್ಕಳಿಗೆ 12 ಗಂಟೆ ಬೇಕು. ಅದಕ್ಕೆ ಮೊದಲೇ ಎರಡು ದಿನ ಶಾಲೆಗೇ ಹೋಗಿ ತರಗತಿವಾರು ಅಳತೆ ತೆಗೆಯಿರಿ. ಫಲಿತಾಂಶದ ದಿನವನ್ನು ಆ ಎರಡು ದಿನ ಗೈರಾದವರಿಗೆ ಮಾತ್ರ ಇಟ್ಟುಕೊಳ್ಳಿ. ಜೂನ್ ತಿಂಗಳಲ್ಲಿ ಹೊಸದಾಗಿ ಸೇರುವವರಿಗೆ ಬೇರೆ ಅಳತೆ ದಿನ, ಬೇರೆ ಡೆಲಿವರಿ ದಿನ ಬರೆಯಿರಿ. ಇಲ್ಲದಿದ್ದರೆ ಅವರೂ ಹಳೆಯ ತಾರೀಕು ಹಿಡಿದು ಬರುತ್ತಾರೆ.

‘ಮಗು ಬೆಳೆಯುತ್ತದೆ, ಸ್ವಲ್ಪ ದೊಡ್ಡದಾಗಿ ಹೊಲಿಯಿರಿ’ ಎಂದು ತಾಯಂದಿರು ಹೇಳುವುದು ಸಹಜ. ಭುಜವನ್ನು ದೊಡ್ಡದು ಮಾಡಿದರೆ ಶರ್ಟು ತೋಳಿನ ಮೇಲೆ ಜಾರುತ್ತದೆ, ಕಾಲರು ಹಿಂದಕ್ಕೆ ಎಳೆಯುತ್ತದೆ. ಅಳತೆ ಸರಿಯಾಗಿಯೇ ಇರಲಿ. ಬೆಳವಣಿಗೆಗೆ ಪ್ಯಾಂಟಿನ ಕೆಳಗೆ ಎರಡು ಇಂಚು ಮಡಿಕೆ, ಪಕ್ಕಗಳಲ್ಲಿ ಅರ್ಧರ್ಧ ಇಂಚು ಹೆಚ್ಚುವರಿ ಬಟ್ಟೆ ಒಳಗಿರಲಿ. ಇದನ್ನೂ ಕ್ಯಾಪ್ಷನ್ನಿನಲ್ಲಿ ಒಂದು ಸಾಲು ಬರೆದರೆ ಅಳತೆಯ ಹೊತ್ತಿನ ವಾದ ತಪ್ಪುತ್ತದೆ.

ಇನ್ನು ಆರ್ಡರಿನ ಕೊನೆಯ ದಿನ. ಇದು ನಿಮ್ಮ ಹಟದ ದಿನವಲ್ಲ, ಬಟ್ಟೆ ಕೊಳ್ಳುವ ದಿನ. ಬೇರೆ ಬೇರೆ ಸಲ ಬಣ್ಣ ಹಾಕಿದ ಥಾನುಗಳು ಒಂದೇ ನಂಬರಿನವಾದರೂ ಬಿಸಿಲಿಗೆ ಹಿಡಿದರೆ ವ್ಯತ್ಯಾಸ ಕಾಣುತ್ತದೆ. ಪ್ರಾರ್ಥನೆಗೆ ಮಕ್ಕಳು ಸಾಲಾಗಿ ನಿಂತಾಗ ಎದ್ದು ಕಾಣುತ್ತದೆ. ಆದ್ದರಿಂದ ಎಲ್ಲ ಬಟ್ಟೆಯನ್ನೂ ಒಂದೇ ಲಾಟಿನಲ್ಲಿ, ಹೊಸ ದಾಖಲಾತಿಗೆಂದು ನೂರಕ್ಕೆ ಐದರಷ್ಟು ಹೆಚ್ಚು ಸೇರಿಸಿ ಕೊಳ್ಳಬೇಕು. ಅದಕ್ಕೆ ಕೈಯಲ್ಲಿ ಹಣ ಬೇಕು, ಆ ಹಣವೇ ಮುಂಗಡ. ಅಳತೆ ಕೊಟ್ಟು ಮುಂಗಡ ಕೊಡದವರ ಹೆಸರನ್ನು ಆರ್ಡರ್ ಎಂದು ಎಣಿಸಬೇಡಿ.

ಎಲ್ಲಕ್ಕಿಂತ ಹೆಚ್ಚು ಯೋಚಿಸಬೇಕಾದದ್ದು ದರ. ಉದಾಹರಣೆಗೆ ಶರ್ಟಿನ ಬಟ್ಟೆ ಮೀಟರಿಗೆ ₹110, ಪ್ಯಾಂಟಿನದು ₹220 ಎಂದುಕೊಳ್ಳಿ. ಎರಡನೇ ತರಗತಿಯ ಹುಡುಗನಿಗೆ 36 ಇಂಚು ಪನ್ನದ ಶರ್ಟು ಬಟ್ಟೆ ಒಂದೂಕಾಲು ಮೀಟರ್, 58 ಇಂಚು ಪನ್ನದ ಚಡ್ಡಿ ಬಟ್ಟೆ 60 ಸೆಂಟಿಮೀಟರ್ ಹಿಡಿದರೆ ಬಟ್ಟೆಗೆ ಸುಮಾರು ₹270. ಹೊಲಿಗೆಗೆ ₹200, ಗುಂಡಿ, ಜಿಪ್ಪು, ಕ್ಯಾನ್ವಾಸಿಗೆ ₹30, ಒಟ್ಟು ₹500. ಒಂಬತ್ತನೇ ತರಗತಿಯವನಿಗೆ ಒಂದೂಮುಕ್ಕಾಲು ಮೀಟರ್ ಶರ್ಟಿಗೆ, 1.1 ಮೀಟರ್ ಪ್ಯಾಂಟಿಗೆ: ಬಟ್ಟೆಯೇ ₹435, ಹೊಲಿಗೆ ₹300, ಉಳಿದದ್ದು ₹45, ಒಟ್ಟು ₹780. ಎಲ್ಲರಿಗೂ ₹700 ಎಂದು ಒಂದೇ ದರ ಬರೆದರೆ ಚಿಕ್ಕ ಮಕ್ಕಳ ಪೋಷಕರು ದುಬಾರಿಯೆಂದು ರೆಡಿಮೇಡ್‌ಗೆ ಹೋಗುತ್ತಾರೆ. ನಿಮ್ಮ ಬಳಿ ಉಳಿಯುವುದು ಸೆಟ್ಟಿಗೆ ₹80 ನಷ್ಟ ತರುವ ದೊಡ್ಡ ಮಕ್ಕಳ ಆರ್ಡರು. ಆದ್ದರಿಂದ ಲಾಭ ಸೇರಿಸಿ ಮೂರು ಹಂತದ ದರ ಇಡಿ. ಪೋಷಕರಿಗೆ ಎದೆ ಸುತ್ತಳತೆ ಗೊತ್ತಿರುವುದಿಲ್ಲ, ತರಗತಿ ಗೊತ್ತಿರುತ್ತದೆ, ಹಾಗಾಗಿ ತರಗತಿಯ ಲೆಕ್ಕದಲ್ಲೇ ಬರೆಯಿರಿ. ನೆರಿಗೆ ಸ್ಕರ್ಟನ್ನು ಇದರೊಳಗೆ ಸೇರಿಸಬೇಡಿ: ತುಂಬು ನೆರಿಗೆಗೆ ಸೊಂಟದ ಮೂರರಷ್ಟು ಬಟ್ಟೆ ಬೇಕು, 24 ಇಂಚಿನ ಸೊಂಟಕ್ಕೆ 72 ಇಂಚು. ಅದರ ದರ, ಚೂಡಿದಾರಿನ ದರ ಪ್ರತ್ಯೇಕ ಲೆಕ್ಕಹಾಕಿ ಪ್ರತ್ಯೇಕ ಸಾಲಿನಲ್ಲಿ ಹಾಕಿ.

ಬರೆಯುವಾಗ ಇನ್ನೆರಡು ಮಾತು ನೆನಪಿರಲಿ. ಉದ್ದದ ಕ್ಯಾಪ್ಷನ್ನಿನಲ್ಲಿ ಮೊದಲ ಕೆಲವು ಸಾಲು ಮಾತ್ರ ಕಾಣುತ್ತದೆ, ಆದ್ದರಿಂದ ಶಾಲೆಯ ಹೆಸರು, ಅಳತೆಯ ದಿನ ಮೇಲೆಯೇ ಬರಬೇಕು. ಪೋಷಕರ ಗುಂಪುಗಳಲ್ಲಿ ಫೋಟೊ ಬಿಟ್ಟು ಬರಹವನ್ನಷ್ಟೇ ಕಾಪಿ ಮಾಡಿ ಹಂಚುತ್ತಾರೆ. ದರ ಫೋಟೊದ ಮೇಲೆ ಮಾತ್ರ ಇದ್ದರೆ ಅದು ಅಲ್ಲೇ ಉಳಿಯುತ್ತದೆ. ವರ್ಷ ಬರೆಯದಿದ್ದರೆ ಮುಂದಿನ ವರ್ಷ ಇದೇ ದರ ತೋರಿಸಿ ಕೇಳುತ್ತಾರೆ.

ನಿಮ್ಮ ಲೆಕ್ಕಕ್ಕೆ ಹೊಂದುವ ಮಾದರಿ ಹೀಗಿದೆ. ಸ್ಕರ್ಟ್, ಚೂಡಿದಾರಿನ ದರವನ್ನು ನಿಮ್ಮ ಬಟ್ಟೆ ಬೆಲೆಯ ಮೇಲೆ ತುಂಬಿಕೊಳ್ಳಿ:

> (ಶಾಲೆಯ ಹೆಸರು) ಯೂನಿಫಾರ್ಮ್, 2026-27
> ಅಳತೆ: ಏಪ್ರಿಲ್ 6 ಮತ್ತು 7, ಶಾಲೆಯಲ್ಲೇ. ಆ ದಿನ ಬಾರದವರಿಗೆ ಏಪ್ರಿಲ್ 10, ಬೆಳಿಗ್ಗೆ 9ರಿಂದ 1.
> ಆರ್ಡರ್ ಮತ್ತು ಅರ್ಧ ಮುಂಗಡಕ್ಕೆ ಕೊನೆಯ ದಿನ: ಏಪ್ರಿಲ್ 13.
> ಒಂದು ಸೆಟ್ ಅಂದರೆ ಒಂದು ಶರ್ಟ್, ಒಂದು ಚಡ್ಡಿ ಅಥವಾ ಪ್ಯಾಂಟ್. ಬಟ್ಟೆ, ಹೊಲಿಗೆ ಎರಡೂ ಸೇರಿ:
> 1ರಿಂದ 3ನೇ ತರಗತಿ ₹560
> 4ರಿಂದ 7ನೇ ತರಗತಿ ₹710
> 8ರಿಂದ 10ನೇ ತರಗತಿ ₹870
> ಸ್ಕರ್ಟ್ ಸೆಟ್ ₹___, ಚೂಡಿದಾರ್ ಸೆಟ್ ₹___
> ಟೈ, ಬೆಲ್ಟ್, ಸಾಕ್ಸ್ ಸೇರಿಲ್ಲ.
> ಮೊದಲ ಸೆಟ್ ಮೇ 23ಕ್ಕೆ, ಎರಡನೆಯದು ಜೂನ್ 15ಕ್ಕೆ.
> ಬೆಳೆಯುವ ಮಕ್ಕಳಿಗೆ 2 ಇಂಚು ಮಡಿಕೆ ಬಿಟ್ಟೇ ಹೊಲಿಯುತ್ತೇವೆ. ಸೆಟ್ ಪಡೆದ 10 ದಿನದೊಳಗೆ ತಿದ್ದುಪಡಿ ಉಚಿತ.
> ಹೊಸದಾಗಿ ಸೇರುವವರಿಗೆ ಅಳತೆ ಜೂನ್ 3 ಮತ್ತು 4, ಬಟ್ಟೆ ಜೂನ್ 20ಕ್ಕೆ.
> (ಅಂಗಡಿಯ ಹೆಸರು, ಜಾಗ, ಫೋನ್)

ಹಾಕುವ ಮೊದಲು ಮುಖ್ಯೋಪಾಧ್ಯಾಯರಿಗೆ ತೋರಿಸಿ, ಫಲಿತಾಂಶದ ದಿನವನ್ನೂ ಎಷ್ಟನೇ ತರಗತಿಯಿಂದ ಫುಲ್ ಪ್ಯಾಂಟ್ ಎಂಬ ನಿಯಮವನ್ನೂ ಖಚಿತಪಡಿಸಿಕೊಳ್ಳಿ. ಶಾಲೆ ಆರನೇ ತರಗತಿಯಿಂದಲೇ ಫುಲ್ ಪ್ಯಾಂಟ್ ಎಂದರೆ ನಡುವಿನ ದರವನ್ನು 4-5 ಮತ್ತು 6-7 ಎಂದು ಒಡೆಯಬೇಕಾಗುತ್ತದೆ.