ಹಿಮ್ಮಡಿಯೋ ಮುಂಗಾಲೋ: ನೆಲದ ಹೊಡೆತ ಎಲ್ಲಿಗೆ ಹೋಗುತ್ತದೆ?

ಪ್ರಶ್ನೆ: ನನ್ನ ತೂಕ 70 ಕೆಜಿ, ವಾರಕ್ಕೆ ನಾಲ್ಕು ದಿನ ಓಡುತ್ತೇನೆ. ಹಿಮ್ಮಡಿ ಮೊದಲು ನೆಲಕ್ಕೆ ತಾಗುತ್ತೆ. ಮುಂಗಾಲಲ್ಲಿ ಇಳಿದರೆ ನೆಲದ ಹೊಡೆತ ಅರ್ಧಕ್ಕರ್ಧ ಕಡಿಮೆ ಆಗುತ್ತೆ ಅಂತ ಜೊತೆಗೆ ಓಡುವವರು ಹೇಳ್ತಾರೆ, ನಿಜವಾ? ಮಂಡಿ ಚಿಪ್ಪಿನ ಸುತ್ತ ಆಗಾಗ ನೋವಿದೆ. ಬದಲಾಯಿಸಿಕೊಳ್ಳಲಾ?

ಉತ್ತರ: ಅರ್ಧ ಆಗುವುದಿಲ್ಲ, ಆಗಲು ಸಾಧ್ಯವೂ ಇಲ್ಲ. ಇದನ್ನು ನೀವೇ ಲೆಕ್ಕ ಹಾಕಿ ನೋಡಬಹುದು.

ಫೋನಿನ ಸ್ಲೋ ಮೋಷನ್‌ನಲ್ಲಿ, ಸೆಕೆಂಡಿಗೆ 240 ಫ್ರೇಮ್ ಇಟ್ಟು, ಪಕ್ಕದಿಂದ ನಿಮ್ಮ ಓಟದ ವಿಡಿಯೊ ತೆಗೆಸಿ. ಒಂದು ಕಾಲು ನೆಲ ಮುಟ್ಟಿದಲ್ಲಿಂದ ನೆಲ ಬಿಡುವ ತನಕ ಎಷ್ಟು ಫ್ರೇಮ್ ಅಂತ ಎಣಿಸಿ. 60 ಬಂತು ಅಂತಿಟ್ಟುಕೊಳ್ಳಿ, ಅಂದರೆ ಕಾಲು ಸೆಕೆಂಡು. ಒಂದು ಕಾಲು ಇಳಿದಲ್ಲಿಂದ ಇನ್ನೊಂದು ಕಾಲು ಇಳಿಯುವ ತನಕ 85 ಫ್ರೇಮ್ ಇರಲಿ. ಆ 85 ಫ್ರೇಮ್ ಪೂರ್ತಿ ಭೂಮಿ ನಿಮ್ಮನ್ನು ಕೆಳಗೆ ಎಳೆಯುತ್ತಲೇ ಇರುತ್ತದೆ. ಆದರೆ ನೆಲ ನಿಮ್ಮನ್ನು ಮೇಲಕ್ಕೆ ಒತ್ತುವುದು 60 ಫ್ರೇಮ್‌ನಲ್ಲಿ ಮಾತ್ರ. ಹಾಗಾಗಿ ಆ ಹೊತ್ತಿನಲ್ಲಿ ಸರಾಸರಿ ಬಲ 70 × 85 ÷ 60, ಅಂದರೆ ಸುಮಾರು 99 ಕೆಜಿ ತೂಕದಷ್ಟು ಇರಲೇಬೇಕು. ಬಲ ಗುಡ್ಡದ ಆಕಾರದಲ್ಲಿ ಏರಿ ಇಳಿಯುವುದರಿಂದ ತುದಿಯಲ್ಲಿ ಅದು ಸುಮಾರು 155 ಕೆಜಿ ಮುಟ್ಟುತ್ತದೆ, ನಿಮ್ಮ ತೂಕದ ಎರಡೂಕಾಲು ಪಟ್ಟು. ಈ ಲೆಕ್ಕದಲ್ಲಿ ಹಿಮ್ಮಡಿ, ಮುಂಗಾಲು ಎಲ್ಲೂ ಬರಲೇ ಇಲ್ಲ ನೋಡಿ. ಅದೇ ವೇಗ, ಅದೇ ಹೆಜ್ಜೆ ಇದ್ದರೆ ಒಟ್ಟು ಬಲ ಬಹುತೇಕ ಅಷ್ಟೇ.

ಹಾಗಾದರೆ ನಿಮ್ಮ ಗೆಳೆಯರು ಹೇಳುವುದು ಸುಮ್ನೆ ಮಾತಾ? ಅದೂ ಅಲ್ಲ. ನೆಲದ ಬಲ ಅಳೆಯುವ ಫೋರ್ಸ್ ಪ್ಲೇಟ್ ಮೇಲೆ ಓಡಿಸಿದಾಗ ಹಿಮ್ಮಡಿ ಓಟಗಾರರ ಗ್ರಾಫಿನಲ್ಲಿ ದೊಡ್ಡ ಏರು ಬರುವ ಮುಂಚೆ, ಇಳಿದ ಮೊದಲ 50 ಮಿಲಿಸೆಕೆಂಡಿನ ಒಳಗೇ, ಒಂದು ಚೂಪು ಏರು ಕಾಣುತ್ತದೆ. ಹಿಮ್ಮಡಿ ತಾಗಿದಾಗ ಪಾದ ಮತ್ತು ಮಂಡಿ ಕೆಳಗಿನ ಕಾಲು ಒಟ್ಟಿಗೇ ಗಕ್ಕನೆ ನಿಲ್ಲುವುದರಿಂದ ಹೀಗಾಗುತ್ತದೆ. ಮುಂಗಾಲಲ್ಲಿ ಇಳಿದಾಗ ಹಿಮ್ಮಡಿ ಇನ್ನೂ ಗಾಳಿಯಲ್ಲಿರುತ್ತದೆ. ಪಾದದ ಗಂಟು ಮಡಚಿಕೊಳ್ಳುತ್ತಾ ಅದನ್ನು ಮೆಲ್ಲಗೆ ಇಳಿಸುತ್ತದೆ, ಆ ಚೂಪು ಏರು ಬಹುತೇಕ ಮಾಯವಾಗುತ್ತದೆ. ಹಾರ್ವರ್ಡ್‌ನ ಡೇನಿಯಲ್ ಲೀಬರ್ಮನ್ ತಂಡ 2010ರಲ್ಲಿ ಬರಿಗಾಲ ಓಟಗಾರರಲ್ಲಿ ಇದನ್ನು ಚೆನ್ನಾಗಿ ತೋರಿಸಿತು. ಆದರೆ ನೀವು ಓಡುವುದು ಮೆತ್ತನೆಯ ಶೂ ಹಾಕಿ, ಅಲ್ವಾ? ಶೂ ಆ ಏರನ್ನು ಪೂರ್ತಿ ತೆಗೆಯುವುದಿಲ್ಲ, ಆದರೆ ಅದರ ಚೂಪನ್ನು ತಗ್ಗಿಸುತ್ತದೆ.

ಇನ್ನು, ತಪ್ಪಿದ ಹೊರೆ ಎಲ್ಲೂ ಮಾಯವಾಗುವುದಿಲ್ಲ, ಜಾಗ ಬದಲಿಸುತ್ತದೆ. ಮುಂಗಾಲಲ್ಲಿ ಇಳಿದರೆ ಬಲ ಬೀಳುವುದು ಪಾದದ ಗಂಟಿಗಿಂತ ಮುಂದೆ. ಅಲ್ಲಿಗೆ ಸುಮಾರು 12 ಸೆಂಟಿಮೀಟರ್ ದೂರ ಅಂದುಕೊಳ್ಳಿ. ಅದನ್ನು ತಡೆಯುವುದು ಮೀನಖಂಡವನ್ನು ಹಿಮ್ಮಡಿಗೆ ಜೋಡಿಸುವ ಅಕಿಲಿಸ್ ಟೆಂಡನ್, ಅದು ಇರುವುದು ಗಂಟಿನಿಂದ ಹಿಂದಕ್ಕೆ ಸುಮಾರು 5 ಸೆಂಟಿಮೀಟರ್‌ನಲ್ಲಿ. 155ನ್ನು 12ರಿಂದ ಗುಣಿಸಿ 5ರಿಂದ ಭಾಗಿಸಿದರೆ ಆ ಟೆಂಡನ್ ಮೇಲೆ 370 ಕೆಜಿಯಷ್ಟು ಎಳೆತ. ಹಿಮ್ಮಡಿ ಓಟಗಾರರೂ ಕೊನೆಗೆ ಮುಂಗಾಲಿನಿಂದಲೇ ನೆಲ ಒದೆಯುವುದರಿಂದ ಅವರಿಗೂ ಇದು ತಪ್ಪಿದ್ದಲ್ಲ. ಆದರೆ ಮುಂಗಾಲಲ್ಲಿ ಇಳಿಯುವವರ ಟೆಂಡನ್ ಮತ್ತು ಮೀನಖಂಡ ನೆಲ ಮುಟ್ಟಿದ ಕ್ಷಣದಿಂದಲೇ ದುಡಿಯಬೇಕು. ಮಂಡಿ ಚಿಪ್ಪಿಗೆ ಒತ್ತಡ ಕಡಿಮೆ, ಮೀನಖಂಡಕ್ಕೆ ಜಾಸ್ತಿ.

ವೇಗದ ಆಸೆಗೆ ಬದಲಾಯಿಸಬೇಕಿಲ್ಲ. ಜಪಾನಿನ ಸಪ್ಪೊರೊ ಹಾಫ್ ಮ್ಯಾರಥಾನ್‌ನಲ್ಲಿ 15ನೇ ಕಿಲೋಮೀಟರ್ ಹತ್ತಿರ ಉನ್ನತ ಮಟ್ಟದ ಓಟಗಾರರನ್ನು ಚಿತ್ರೀಕರಿಸಿದಾಗ ಅವರಲ್ಲಿ ಮುಕ್ಕಾಲು ಪಾಲು ಜನ ಹಿಮ್ಮಡಿಯಲ್ಲೇ ಇಳಿಯುತ್ತಿದ್ದರು.

ನಿಮ್ಮ ನೋವು ಮಂಡಿ ಚಿಪ್ಪಿನದು ಎಂಬ ಕಾರಣಕ್ಕೆ ನಾನು ಮೊದಲು ಹೆಜ್ಜೆಯ ಉದ್ದ ನೋಡುತ್ತೇನೆ. ಅದೇ ವಿಡಿಯೊದಲ್ಲಿ ಹಿಮ್ಮಡಿ ತಾಗುವ ಫ್ರೇಮ್ ನಿಲ್ಲಿಸಿ. ಪಾದ ಮಂಡಿಗಿಂತ ತುಂಬಾ ಮುಂದೆ ಬಿದ್ದಿದೆಯಾ? ಮಂಡಿ ನೆಟ್ಟಗೆ ಸೆಟೆದು, ಶೂವಿನ ಅಡಿ ಎದುರಿಗೆ ಕಾಣುವಷ್ಟು ಮುಂಗಾಲು ಎತ್ತಿಕೊಂಡಿದೆಯಾ? ಹಾಗಿದ್ದರೆ ತೊಂದರೆ ಇರುವುದು ಹಿಮ್ಮಡಿಗಿಂತ ಜಾಸ್ತಿ ಆ ಉದ್ದನೆಯ ಹೆಜ್ಜೆಯಲ್ಲಿ. ನಿಮಿಷಕ್ಕೆ 170 ಹೆಜ್ಜೆ ಇದ್ದರೆ ಅದೇ ವೇಗದಲ್ಲಿ 178–180ಕ್ಕೆ ಏರಿಸಿ. ಹೆಜ್ಜೆ ತಾನಾಗೇ ಚಿಕ್ಕದಾಗಿ ಪಾದ ಸೊಂಟಕ್ಕೆ ಹತ್ತಿರ ಬೀಳುತ್ತದೆ. ಇಷ್ಟು ಬದಲಾವಣೆಯಿಂದಲೇ ಮಂಡಿಯ ಹೊರೆ ಇಳಿಯುತ್ತದೆ, ಇಳಿಯುವ ರೀತಿ ಬದಲಿಸಬೇಕಾಗಿಲ್ಲ.

ಅದರಿಂದಲೂ ನೋವು ತಗ್ಗದಿದ್ದರೆ ಒಮ್ಮೆ ಫಿಸಿಯೋಥೆರಪಿಸ್ಟ್‌ಗೆ ತೋರಿಸಿ, ಆಮೇಲೆ ಮುಂಗಾಲಿನ ಪ್ರಯತ್ನ ಮಾಡಿ. ಓಟದ ಮಧ್ಯೆ ಒಂದೆರಡು ನಿಮಿಷದಿಂದ ಶುರು ಮಾಡಿ ವಾರಗಟ್ಟಲೆ ನಿಧಾನವಾಗಿ ಏರಿಸಿ. ಹಿಮ್ಮಡಿಯನ್ನು ಗಾಳಿಯಲ್ಲೇ ಇಟ್ಟುಕೊಂಡು ಓಡಬೇಡಿ, ಪ್ರತಿ ಹೆಜ್ಜೆಗೂ ಅದು ಬಂದು ನೆಲ ಮುಟ್ಟಲಿ. ಮೀನಖಂಡ ಎರಡು ದಿನ ನೊಂದು ಸರಿಹೋದರೆ ಚಿಂತೆ ಬೇಡ. ಬೆಳಿಗ್ಗೆ ಎದ್ದು ಇಡುವ ಮೊದಲ ಹೆಜ್ಜೆಗೆ ಹಿಮ್ಮಡಿಯ ಹಿಂದೆ ಸೆಟೆದು ನೋವಾದರೆ, ಅಥವಾ ಪಾದದ ಮೇಲೆ ಬೆರಳಿಟ್ಟು ತೋರಿಸುವಂಥ ಒಂದೇ ಜಾಗದ ಮೂಳೆ ನೋವು ಬಂದರೆ, ಅಂದೇ ನಿಲ್ಲಿಸಿ. ಹಿಂದೆ ಅಕಿಲಿಸ್ ತೊಂದರೆ ಆಗಿದ್ದವರಿಗಂತೂ ಈ ಬದಲಾವಣೆಯನ್ನು ನಾನು ಹೇಳುವುದೇ ಇಲ್ಲ.