ಚಾಕೊಲೇಟ್ ಕರಗಿಸುವಾಗ ಗಟ್ಟಿಯಾಗಿ ಮರಳು ಮರಳಾದರೆ ಏನು ಮಾಡಬೇಕು?

ಪ್ರಶ್ನೆ: ನಾನು ಯಾದಗಿರಿಯಲ್ಲಿದ್ದೇನೆ. ಮನೆಯಲ್ಲಿ ಕೇಕ್ ಮೇಲೆ ಹಾಕಲು ಚಾಕೊಲೇಟ್ ಕರಗಿಸುತ್ತೇನೆ. ಚೆನ್ನಾಗಿ ಕರಗುತ್ತಿದ್ದದ್ದು ಇದ್ದಕ್ಕಿದ್ದಂತೆ ಬಿಗಿದುಕೊಂಡು, ಮರಳು ಮರಳಾಗಿ ಸೌಟಿಗೆ ಅಂಟಿಬಿಡುತ್ತದೆ. ಎರಡು ಸಲ ಎಸೆದಿದ್ದೇನೆ. ಯಾಕೆ ಹೀಗಾಗುತ್ತದೆ? ಸರಿ ಮಾಡಲು ಬರುತ್ತದೆಯೇ?

ಉತ್ತರ: ಇನ್ನು ಮೇಲೆ ಎಸೆಯಬೇಡಿ. ಸುಟ್ಟ ವಾಸನೆ ಬರದಿದ್ದರೆ ಅದು ಖಂಡಿತ ಉಪಯೋಗಕ್ಕೆ ಬರುತ್ತದೆ. ನಾನು ಕಲಬುರಗಿಯಲ್ಲಿ ಮನೆಯಿಂದಲೇ ಕೇಕ್ ಮಾಡಿ ಕೊಡುತ್ತೇನೆ. ನಿಮಗೆ ಆಗಿರುವುದು ನನಗೂ ಆಗಿದೆ. ಆ ದಿನದ ಕಥೆಯಿಂದಲೇ ಶುರು ಮಾಡುತ್ತೇನೆ, ಏಕೆಂದರೆ ಕಾರಣ ಒಲೆಯ ಮೇಲೆ ಇರಲಿಲ್ಲ.

ಮೇ ತಿಂಗಳು. ಅಣ್ಣನ ಮಗಳ ಹುಟ್ಟುಹಬ್ಬ. 300 ಗ್ರಾಂ ಡಾರ್ಕ್ ಚಾಕೊಲೇಟನ್ನು ಫ್ರಿಜ್ಜಿನಿಂದ ತೆಗೆದು ನೇರವಾಗಿ ಹಲಗೆಯ ಮೇಲಿಟ್ಟು ಕೊಚ್ಚಿದೆ. ಸೆಕೆ ತಡೆಯಲಾರದೆ ಅತ್ತಿಗೆ ಕೂಲರನ್ನು ಅಡುಗೆಮನೆಯ ಬಾಗಿಲಿಗೆ ತಿರುಗಿಸಿದ್ದರು. ಕೊಚ್ಚುವಾಗ ಚೂರುಗಳು ಮಂಕಾಗಿ ಕಂಡವು, ಚಾಕುವಿಗೆ ಅಂಟಿದವು. ಬಿಸಿಗೆ ಮೆತ್ತಗಾಗುತ್ತಿದೆ ಎಂದುಕೊಂಡೆ. ಅದು ಬೆವರುತ್ತಿತ್ತು. ಕೂಲರಿನ ಒದ್ದೆ ಗಾಳಿ ತಣ್ಣನೆಯ ಚಾಕೊಲೇಟಿಗೆ ತಾಗಿ, ತಣ್ಣೀರಿನ ತಂಬಿಗೆಯ ಹೊರಮೈಗೆ ಹನಿ ಕಟ್ಟುವಂತೆ ಅದರ ಮೇಲೂ ನೀರು ಕಟ್ಟಿತ್ತು. ಬೋಗುಣಿಗೆ ಹಾಕಿ ಬಿಸಿ ಮಾಡಿದೆ. ಮೊದಲು ಹೊಳೆಯುತ್ತಾ ಕರಗಿತು, ಆಮೇಲೆ ನಾಲ್ಕು ಸುತ್ತು ತಿರುವುವಷ್ಟರಲ್ಲಿ ಒದ್ದೆ ಮಣ್ಣಿನ ಹಾಗೆ ಮುದ್ದೆಯಾಯಿತು. ಅಂಚಿನಲ್ಲಿ ಸ್ವಲ್ಪ ಎಣ್ಣೆಯೂ ಬಿಟ್ಟಿತು.

ಚಾಕೊಲೇಟಿನಲ್ಲಿ ಸಕ್ಕರೆಯ ಮತ್ತು ಕೋಕೋದ ಅತಿ ಸಣ್ಣ ಕಣಗಳು ಕೊಬ್ಬಿನಲ್ಲಿ ತೇಲುತ್ತಿರುತ್ತವೆ. ನೀರು ಎಂಬುದು ಅದರಲ್ಲಿ ಇಲ್ಲವೆಂದೇ ಹೇಳಬಹುದು. ಅಲ್ಲಿಗೆ ನಾಲ್ಕು ಹನಿ ನೀರು ಬಿದ್ದರೆ ಸಕ್ಕರೆ ಅದನ್ನು ಹೀರಿ ಅಂಟಾಗುತ್ತದೆ, ಆ ಅಂಟು ಉಳಿದ ಕಣಗಳನ್ನೆಲ್ಲ ಹಿಡಿದು ಕಟ್ಟುತ್ತದೆ. ಸಕ್ಕರೆ ಡಬ್ಬಿಗೆ ಒದ್ದೆ ಚಮಚ ಹಾಕಿದರೆ ಹೇಗೆ ಗಂಟಾಗುತ್ತದೆಯೋ ಹಾಗೆಯೇ.

ಆದ್ದರಿಂದಲೇ ಅದಕ್ಕೆ ಮದ್ದು ಕೂಡ ನೀರೇ. ಜೋಳದ ಹಿಟ್ಟನ್ನು ನೆನಪಿಸಿಕೊಳ್ಳಿ. ನಾಲ್ಕು ಹನಿ ಚಿಮುಕಿಸಿದರೆ ಹರಳು ಹರಳಾಗಿ ನಿಲ್ಲುತ್ತದೆ, ಸಾಕಷ್ಟು ಎಸರು ಹೊಯ್ದರೆ ಮೆತ್ತಗೆ ಕೂಡಿಕೊಳ್ಳುತ್ತದೆ. ಬಿಗಿದುಕೊಂಡ ಚಾಕೊಲೇಟಿಗೂ ಸಾಕಷ್ಟು ಬಿಸಿ ದ್ರವ ಸಿಕ್ಕರೆ ಸಕ್ಕರೆ ಪೂರ್ತಿ ಕರಗಿ, ಕಟ್ಟಿಕೊಂಡ ಕಣಗಳು ಬಿಡಿಸಿಕೊಳ್ಳುತ್ತವೆ.

ಅಂದು ನಾನು ಬೋಗುಣಿಯನ್ನು ಒಲೆಯಿಂದ ಇಳಿಸಿ, ಪಕ್ಕದಲ್ಲಿ ಹಾಲು ಬಿಸಿ ಮಾಡಿದೆ. ಅಂದಾಜು ಲೆಕ್ಕವೆಂದರೆ 60 ಗ್ರಾಂ ಚಾಕೊಲೇಟಿಗೆ 15 ಮಿಲಿ, ಅಂದರೆ ಒಂದು ದೊಡ್ಡ ಚಮಚ. 300 ಗ್ರಾಂಗೆ ಐದು ಚಮಚ. ಒಂದೊಂದೇ ಚಮಚ ಹಾಕಿ ನಡುವಿನಿಂದ ತಿರುವುತ್ತಾ ಬಂದೆ. ಮೊದಲ ಎರಡು ಚಮಚಕ್ಕೆ ಮುದ್ದೆ ಇನ್ನಷ್ಟು ಗಟ್ಟಿಯಾಯಿತು, ಎಣ್ಣೆ ಹೆಚ್ಚು ಬಿಟ್ಟಿತು. ಬಹಳ ಜನ ಕೈಬಿಡುವುದು ಇಲ್ಲಿಯೇ, ನೀವು ಬಿಡಬೇಡಿ. ನಾಲ್ಕನೆಯದಕ್ಕೆ ಸಡಿಲವಾಯಿತು, ಐದನೆಯದಕ್ಕೆ ಎಣ್ಣೆ ಒಳಗೆ ಸೇರಿ ಮೈ ಮತ್ತೆ ಹೊಳೆಯಿತು. ಕೋಕೋ ಹೆಚ್ಚಿರುವ ಚಾಕೊಲೇಟಾದರೆ ಇನ್ನೊಂದೆರಡು ಚಮಚ ಬೇಕಾಗುತ್ತದೆ. ಹಾಲಿನ ಬದಲು ಕ್ರೀಮ್ ಅಥವಾ ಬಿಸಿನೀರು ಹಾಕಿದರೂ ಸರಿ, ತಣ್ಣಗಿನದು ಮಾತ್ರ ಬೇಡ. ತಣ್ಣಗಿನದು ಬಿದ್ದರೆ ಕೊಬ್ಬು ಹೆಪ್ಪುಗಟ್ಟಿ ಬೇರೆ ಗಂಟುಗಳಾಗುತ್ತವೆ.

ಆದರೆ ಹೀಗೆ ಸರಿ ಹೋದದ್ದು ಇನ್ನು ಸಾಸ್. ಕೇಕಿನ ಮೇಲೆ ಸುರಿಯಲು, ಬ್ರೌನಿ ಹಿಟ್ಟಿಗೆ ಸೇರಿಸಲು, ಹಾಲಿಗೆ ಕಲಸಿ ಕುಡಿಯಲು ಬಹಳ ಚೆನ್ನ. ಅಚ್ಚಿಗೆ ಹಾಕಿದರೆ ಟಕ್ಕೆಂದು ಮುರಿಯುವ ಚಾಕೊಲೇಟಾಗಿ ಅದು ಇನ್ನೆಂದೂ ಗಟ್ಟಿಯಾಗುವುದಿಲ್ಲ. ಅಚ್ಚಿನ ಕೆಲಸವಿದ್ದರೆ ಬೇರೆ ಚಾಕೊಲೇಟ್ ತೆಗೆದುಕೊಳ್ಳಬೇಕು. ಎಣ್ಣೆ ಅಥವಾ ತುಪ್ಪ ಹಾಕಿ ಸರಿ ಮಾಡಲು ಹಲವರು ಹೇಳುತ್ತಾರೆ. ಅದರಿಂದ ಮುದ್ದೆ ತೆಳುವಾಗುತ್ತದೆ, ನಾಲಿಗೆಗೆ ಮರಳು ಸಿಗುವುದು ಹಾಗೇ ಉಳಿಯುತ್ತದೆ.

ನಿಮ್ಮದು ಬೇರೆ ಬಗೆಯದೂ ಆಗಿರಬಹುದು, ಅದನ್ನು ನೋಡಿ ತಿಳಿಯಬೇಕು. ನೀರು ತಾಗಿದ್ದು ದಿಢೀರನೆ ಬಿಗಿಯುತ್ತದೆ. ಬಿಸಿ ಹೆಚ್ಚಾದದ್ದು ನಿಧಾನವಾಗಿ ದಪ್ಪಗಾಗುತ್ತದೆ, ಹೊಳಪು ಕಳೆದುಕೊಳ್ಳುತ್ತದೆ, ಸಣ್ಣ ಸಣ್ಣ ಗಂಟುಗಳು ಕಾಣುತ್ತವೆ. ಹಾಲಿನ ಅಂಶವಿರುವ ಮಿಲ್ಕ್ ಮತ್ತು ವೈಟ್ ಚಾಕೊಲೇಟ್ ಬೇಗ ಕೆಡುತ್ತವೆ. ಅವು 45 ಡಿಗ್ರಿ ದಾಟದಂತೆ ನೋಡಿಕೊಳ್ಳಬೇಕು, ಡಾರ್ಕ್ 50ರವರೆಗೆ ತಡೆಯುತ್ತದೆ. ಬಿಸಿ ಹೆಚ್ಚಾಗಿದ್ದರೆ ತಕ್ಷಣ ಒಣಗಿದ, ತಣ್ಣನೆಯ ಬೇರೆ ಪಾತ್ರೆಗೆ ಸುರಿದು, ಕರಗದ ಚೂರುಗಳನ್ನು ಒಂದು ಹಿಡಿ ಹಾಕಿ ತಿರುವಿ. ಆಮೇಲೆ ಸಣ್ಣ ಕಣ್ಣಿನ ಜರಡಿಯಲ್ಲಿ ಒತ್ತಿ ಸೋಸಿದರೆ ಹಲವು ಸಲ ಉಳಿಯುತ್ತದೆ. ಸುಟ್ಟ ವಾಸನೆ ಹಿಡಿದಿದ್ದರೆ ಮಾತ್ರ ಉಪಾಯವಿಲ್ಲ.

ಈಗ ನಾನು ಕರಗಿಸುವ ರೀತಿ ಹೇಳುತ್ತೇನೆ. ಫ್ರಿಜ್ಜಿನಿಂದ ತೆಗೆದ ಚಾಕೊಲೇಟನ್ನು ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿಯೇ ಹೊರಗಿಡುತ್ತೇನೆ. ಹನಿ ಡಬ್ಬಿಯ ಹೊರಮೈಗೆ ಕಟ್ಟುತ್ತದೆ, ಒಳಗಲ್ಲ. ಆ ಹನಿ ಪೂರ್ತಿ ಆರಿ, ಡಬ್ಬಿ ಮುಟ್ಟಿದರೆ ತಣ್ಣಗನಿಸದ ಮೇಲೆಯೇ ಮುಚ್ಚಳ ತೆಗೆಯುತ್ತೇನೆ. ಬೇಸಿಗೆಯಲ್ಲಿ ಇದಕ್ಕೆ ಸುಮಾರು ಒಂದು ಗಂಟೆ ಬೇಕು. ಕೊಚ್ಚುವಾಗ ಕೂಲರ್ ಬಂದ್.

ಪಾತ್ರೆಯಲ್ಲಿ ಎರಡು ಬೆರಳಷ್ಟು ನೀರು ಕುದಿಸಿ ಗ್ಯಾಸ್ ಆರಿಸಿಬಿಡುತ್ತೇನೆ. ಆಮೇಲೆಯೇ ಮೇಲೆ ಬೋಗುಣಿ ಇಡುತ್ತೇನೆ. ಕೋಕೋ ಬೆಣ್ಣೆ ಕರಗುವುದೇ ಸುಮಾರು 34 ಡಿಗ್ರಿಗೆ. ನಮ್ಮ ಕಡೆ ಮೇ ತಿಂಗಳಲ್ಲಿ ಅಡುಗೆಮನೆಯೇ ಅದಕ್ಕಿಂತ ಬಿಸಿ ಇರುತ್ತದೆ, ಇನ್ನು ಕುದಿಯುವ ನೀರು ಯಾಕೆ ಬೇಕು? ಬೋಗುಣಿ ಪಾತ್ರೆಯ ಬಾಯಿಗಿಂತ ಅಗಲವಾಗಿ ಬಾಯಿ ಮುಚ್ಚುವಂತಿರಬೇಕು, ಇಲ್ಲದಿದ್ದರೆ ಉಗಿ ಬದಿಯಿಂದ ಎದ್ದು ಚಾಕೊಲೇಟಿಗೇ ಬೀಳುತ್ತದೆ. ತಳ ನೀರಿಗೆ ತಾಗಬಾರದು. ಬೇಗ ಕರಗಲೆಂದು ಬೋಗುಣಿಗೆ ತಟ್ಟೆ ಮುಚ್ಚಲೇಬೇಡಿ, ತಟ್ಟೆಯ ಅಡಿಯ ಹನಿ ನೇರವಾಗಿ ಒಳಗೆ ಬೀಳುತ್ತದೆ. ಮುಕ್ಕಾಲು ಭಾಗ ಕರಗಿದ ಕೂಡಲೇ ಇಳಿಸಿ. ಉಳಿದದ್ದು ಆ ಬಿಸಿಗೇ ಕರಗುತ್ತದೆ. ಇಳಿಸಿದಾಗ ಮೊದಲು ಬೋಗುಣಿಯ ತಳ ಒರೆಸಿ, ನಂತರ ಬಗ್ಗಿಸಿ. ತಳದ ನೀರು ಅಂಚಿನಿಂದ ಜಾರಿ ಅಚ್ಚಿಗೆ ಬಿದ್ದು ನನ್ನ ಒಂದು ಇಡೀ ತಟ್ಟೆ ಕೆಟ್ಟಿದೆ. ಸೌಟು ಮರದ್ದಾದರೆ ತೊಳೆದ ದಿನ ಬಳಸಬೇಡಿ, ಅದು ಮೇಲೆ ಒಣಗಿದಂತೆ ಕಂಡರೂ ಒಳಗೆ ನೀರು ಹಿಡಿದಿರುತ್ತದೆ.

ಮೈಕ್ರೋವೇವ್ ಇದ್ದರೆ ಅರ್ಧ ಶಕ್ತಿಯಲ್ಲಿ 20 ಸೆಕೆಂಡಿಗೊಮ್ಮೆ ತೆಗೆದು ತಿರುವಿ. ಚೂರು ಆಕಾರ ಬಿಡದೆ ನಿಂತಿದ್ದರೂ ಒಳಗೆ ಕರಗಿರುತ್ತದೆ, ಕಣ್ಣನ್ನು ನಂಬಬೇಡಿ.

ಇನ್ನೊಂದು ಮಾತು. ಕರಗಿದ ಚಾಕೊಲೇಟಿಗೆ ಎಸೆನ್ಸ್ ಅಥವಾ ಸಾಮಾನ್ಯ ಫುಡ್ ಕಲರ್ ಹಾಕುತ್ತಿದ್ದರೆ ಅದೂ ನೀರಿನಂತೆಯೇ ಕೆಲಸ ಮಾಡುತ್ತದೆ. ಅಚ್ಚಿನ ಚಾಕೊಲೇಟಿಗೆ ಎಣ್ಣೆಯಲ್ಲಿ ಬೆರೆಯುವ ಬಣ್ಣವನ್ನೇ ಕೇಳಿ ತನ್ನಿ. ಕೇಕಿನ ಸಾಸಿಗಾದರೆ ಕ್ರೀಮನ್ನು ಬಿಸಿ ಮಾಡಿ ಕೊಚ್ಚಿದ ಚಾಕೊಲೇಟಿನ ಮೇಲೆ ಒಂದೇ ಸಲಕ್ಕೆ ಸುರಿದು, ಎರಡು ನಿಮಿಷ ಬಿಟ್ಟು ತಿರುವಿ, ಆಗ ಎಸೆನ್ಸ್ ಹಾಕಿ. ಅಷ್ಟು ದ್ರವ ಮೊದಲೇ ಇರುವಾಗ ಆ ನಾಲ್ಕು ಹನಿ ಏನೂ ಮಾಡುವುದಿಲ್ಲ.