ಎಂಟು ದಿನವಾದರೂ ಬಿಡದ ಜ್ವರ: ಯಾವ ಟೆಸ್ಟ್, ಯಾವ ದಿನ?

*ಅಮ್ಮನಿಗೆ 52 ವರ್ಷ. ಎಂಟು ದಿನದಿಂದ ಜ್ವರ, ತಲೆನೋವು, ಮೈಕೈ ನೋವು. ವಿಡಾಲ್‌ನಲ್ಲಿ 1:160 ಬಂತು, ಟೈಫಾಯಿಡ್ ಅಂದರು. ಮೂರು ದಿನದಿಂದ ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್ ಆಗುತ್ತಿದೆ, ಜ್ವರ ಇಳಿದಿಲ್ಲ. ಆರನೇ ದಿನ ಮಾಡಿಸಿದ ಡೆಂಗ್ಯೂ ಎನ್‌ಎಸ್1 ನೆಗೆಟಿವ್. ಪ್ಲೇಟ್‌ಲೆಟ್ 92 ಸಾವಿರ. ಇನ್ನೇನು ಟೆಸ್ಟ್ ಮಾಡಿಸಬೇಕು? ಅಮ್ಮ ದಿನಾ ಹಸುವಿಗೆ ಹುಲ್ಲು ಕೊಯ್ಯಲು ಹೊಲದ ಬದುವಿಗೆ ಹೋಗುತ್ತಾರೆ.*
— ಓದುಗರೊಬ್ಬರು, ಚಿಂತಾಮಣಿ

ಪತ್ರ ಕೈಸೇರಿದ ದಿನವೇ ನಿಮಗೆ ಫೋನಿನಲ್ಲಿ ಹೇಳಿದ್ದನ್ನು ಉಳಿದ ಓದುಗರಿಗಾಗಿ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸಿದ್ದು ಹುಲ್ಲು ಕೊಯ್ಯುವ ವಿಷಯ. ಅದನ್ನು ಡಾಕ್ಟರಿಗೆ ಯಾರೂ ಹೇಳಿರಲಿಲ್ಲ. ಮಳೆಗಾಲದಲ್ಲಿ ಮತ್ತು ಅದು ಮುಗಿದು ಚಳಿ ಶುರುವಾಗುವ ಹೊತ್ತಿನಲ್ಲಿ, ಪೊದೆ, ಹುಲ್ಲುಗಳ ನಡುವೆ ಕೆಲಸ ಮಾಡುವವರಿಗೆ ಹೀಗೆ ಜ್ವರ ಹಿಡಿದು ಕೂತರೆ ಸ್ಕ್ರಬ್ ಟೈಫಸ್ ಇರಬಹುದೇ ಎಂದು ನೋಡಲೇಬೇಕು. ಹುಲ್ಲಿನಲ್ಲಿರುವ ಒಂದು ಬಗೆಯ ನುಸಿಯ ಮರಿ ಕಚ್ಚಿದಾಗ ಬರುವ ಸೋಂಕು ಇದು. ಮರಿ ಎಷ್ಟು ಚಿಕ್ಕದೆಂದರೆ ಕಚ್ಚಿದ್ದೇ ಗೊತ್ತಾಗುವುದಿಲ್ಲ. ಜ್ವರ ಬರುವುದು ಸುಮಾರು ಹತ್ತು ದಿನದ ನಂತರ.

ಹಾಗಾದರೆ ವಿಡಾಲ್ ಪಾಸಿಟಿವ್ ಬಂತಲ್ಲ, ಅದೇನು? ವಿಡಾಲ್ ಟೈಫಾಯಿಡ್ ರೋಗಾಣುವನ್ನು ಹುಡುಕುವುದಿಲ್ಲ, ಅದರ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯಗಳನ್ನು ನೋಡುತ್ತದೆ. ಎಂದೋ ಟೈಫಾಯಿಡ್ ಬಂದು ಹೋಗಿದ್ದರೂ, ಲಸಿಕೆ ಹಾಕಿಸಿದ್ದರೂ, ಕೆಲವೊಮ್ಮೆ ಬೇರೆ ಜ್ವರದಲ್ಲೂ ಅದು ಪಾಸಿಟಿವ್ ಬರಬಹುದು. ನಮ್ಮ ಊರುಗಳಲ್ಲಿ ಆರೋಗ್ಯವಾಗಿರುವವರಲ್ಲೂ ಸ್ವಲ್ಪ ಮಟ್ಟಿಗೆ ಇದ್ದೇ ಇರುತ್ತದೆ. ಹಾಗಾಗಿ ಒಂದೇ ಒಂದು ವಿಡಾಲ್ ಚೀಟಿ ಹಿಡಿದು ಟೈಫಾಯಿಡ್ ಎಂದು ಖಚಿತವಾಗಿ ಹೇಳುವುದು ಸರಿಯಲ್ಲ. ಅಗ್ಗ, ಬೇಗ ಸಿಗುತ್ತದೆ ಅಂತ ಎಲ್ಲರೂ ಬರೆದುಕೊಡುತ್ತಾರೆ, ಅಷ್ಟೆ.

ಟೈಫಾಯಿಡ್‌ಗೆ ನಂಬಬಹುದಾದ ಟೆಸ್ಟ್ ಬ್ಲಡ್ ಕಲ್ಚರ್. ಆದರೆ ಅದಕ್ಕೆ ರಕ್ತವನ್ನು ಆ್ಯಂಟಿಬಯಾಟಿಕ್ ಶುರು ಮಾಡುವ ಮೊದಲೇ ತೆಗೆಯಬೇಕು. ಈಗ ಮೂರು ದಿನ ಇಂಜೆಕ್ಷನ್ ಆಗಿರುವುದರಿಂದ ಕಲ್ಚರ್‌ನಲ್ಲಿ ಏನೂ ಬೆಳೆಯದಿದ್ದರೂ ಟೈಫಾಯಿಡ್ ಇಲ್ಲ ಎಂದು ಹೇಳಲಾಗದು. ಜ್ವರ ಇಳಿಯದ್ದರಿಂದಲೂ ಇನ್ನೂ ತೀರ್ಮಾನಕ್ಕೆ ಬರುವಂತಿಲ್ಲ. ನಿಜವಾದ ಟೈಫಾಯಿಡ್ ಆದರೂ ಸರಿಯಾದ ಔಷಧ ಶುರುವಾದ ಮೇಲೆ ಜ್ವರ ಬಿಡಲು ನಾಲ್ಕೈದು ದಿನ ಬೇಕಾಗುತ್ತದೆ. ಆದರೆ ಸ್ಕ್ರಬ್ ಟೈಫಸ್ ಆಗಿದ್ದರೆ ಸೆಫ್ಟ್ರಿಯಾಕ್ಸೋನ್ ಎಷ್ಟು ದಿನ ಕೊಟ್ಟರೂ ಪ್ರಯೋಜನವಿಲ್ಲ. ಅದಕ್ಕೇ ಸುಮ್ನೆ ಕಾಯಬೇಡಿ ಅಂದಿದ್ದು.

ಡೆಂಗ್ಯೂ ವಿಷಯ. ಎನ್‌ಎಸ್1 ಅಂದರೆ ಡೆಂಗ್ಯೂ ವೈರಸ್ಸಿನದೇ ಒಂದು ಪ್ರೋಟೀನ್, ಅದು ರಕ್ತದಲ್ಲಿ ಸಿಗುವುದು ಹೆಚ್ಚಾಗಿ ಮೊದಲ ಐದು ದಿನ. ಆರನೇ ದಿನ ನೆಗೆಟಿವ್ ಬಂದರೆ ಅದಕ್ಕೆ ಅಷ್ಟು ಬೆಲೆ ಇಲ್ಲ. ಆಗ ನೋಡಬೇಕಾದದ್ದು ಡೆಂಗ್ಯೂ ಐಜಿಎಂ, ಅಂದರೆ ಹೊಸ ಸೋಂಕಿಗೆ ದೇಹ ಮೊದಲು ತಯಾರಿಸುವ ಪ್ರತಿಕಾಯ. ಆದರೂ ಡೆಂಗ್ಯೂ ಜ್ವರ ಸಾಮಾನ್ಯವಾಗಿ ವಾರದೊಳಗೆ ಇಳಿಯುತ್ತದೆ. ಎಂಟನೇ ದಿನವೂ ಜೋರಾಗಿದ್ದರೆ ಬೇರೆ ಏನಾದರೂ ಇದೆಯಾ ಎಂದು ಹುಡುಕಬೇಕು. ಪ್ಲೇಟ್‌ಲೆಟ್ ಕಡಿಮೆ ಅಂದ ಕೂಡಲೇ ಡೆಂಗ್ಯೂ ಅಂದುಕೊಳ್ಳುತ್ತೇವೆ, ಅಲ್ವಾ? ಮಲೇರಿಯಾ, ಇಲಿಜ್ವರ, ಸ್ಕ್ರಬ್ ಟೈಫಸ್ ಮೂರರಲ್ಲೂ ಅದು ಇಳಿಯುತ್ತದೆ.

ಇನ್ನು ಮಾಡಬೇಕಾದದ್ದು. ಮೊದಲನೆಯದಕ್ಕೆ ಲ್ಯಾಬ್ ಬೇಡ. ಅಮ್ಮನ ಮೈಯನ್ನು ಒಳ್ಳೆ ಬೆಳಕಿನಲ್ಲಿ ಪೂರ್ತಿ ನೋಡಬೇಕು: ಕಂಕುಳು, ಸೀರೆ ಕಟ್ಟುವ ಸೊಂಟದ ಸುತ್ತ, ಸ್ತನದ ಕೆಳಗೆ, ತೊಡೆಸಂದು, ಕಿವಿಯ ಹಿಂದೆ. ಬೀಡಿಯಿಂದ ಸುಟ್ಟಂತೆ ಕಪ್ಪು ಹಕ್ಕಳೆ, ಸುತ್ತ ಕೆಂಪು ಅಂಚು ಇದೆಯಾ? ಅದು ನೋಯುವುದಿಲ್ಲ, ತುರಿಸುವುದೂ ಕಡಿಮೆ. ಹಾಗಾಗಿ ರೋಗಿಗೇ ಗೊತ್ತಿರುವುದಿಲ್ಲ. ಸಂಕೋಚಕ್ಕೆ ತೋರಿಸದವರೂ ಇದ್ದಾರೆ. ಮನೆಯ ಹೆಂಗಸರೋ ನರ್ಸೋ ನೋಡಿದರೆ ಒಳ್ಳೆಯದು. ಹಕ್ಕಳೆ ಸಿಕ್ಕಿದರೆ ರೋಗ ಬಹುಮಟ್ಟಿಗೆ ಗೊತ್ತಾದಂತೆ. ಸಿಗದಿದ್ದರೆ ಸ್ಕ್ರಬ್ ಟೈಫಸ್ ಇಲ್ಲ ಎಂದರ್ಥವಲ್ಲ, ಎಷ್ಟೋ ರೋಗಿಗಳಲ್ಲಿ ಅದು ಇರುವುದೇ ಇಲ್ಲ.

ರಕ್ತದ ಟೆಸ್ಟ್‌ನಲ್ಲಿ ಸ್ಕ್ರಬ್ ಟೈಫಸ್ ಐಜಿಎಂ ಎಲೈಸಾ ಕೇಳಿ. ಇದು ಮೊದಲ ನಾಲ್ಕೈದು ದಿನ ನೆಗೆಟಿವ್ ಬರಬಹುದು, ವಾರ ಕಳೆದ ಮೇಲೆ ಜಾಸ್ತಿ ಉಪಯೋಗಕ್ಕೆ ಬರುತ್ತದೆ. ಅಂದರೆ ನಿಮಗೆ ಈಗ ಸರಿಯಾದ ಸಮಯ. ಇದೇ ರೋಗಕ್ಕೆ ಮಾಡುವ ಹಳೆಯ ವೈಲ್-ಫೆಲಿಕ್ಸ್ ಟೆಸ್ಟ್ ನೆಗೆಟಿವ್ ಬಂದರೆ ಅದನ್ನು ನಂಬಿ ಬಿಡಬೇಡಿ. ಜೊತೆಗೆ ಮಲೇರಿಯಾ ಸ್ಮಿಯರ್, ಲಿವರ್ ಮತ್ತು ಕಿಡ್ನಿ ಟೆಸ್ಟ್, ಮೂತ್ರ, ಎದೆಯ ಎಕ್ಸ್‌ರೇ ಸಾಕು. ಒಂದು ಸ್ಮಿಯರ್ ನೆಗೆಟಿವ್ ಬಂದರೂ ಚಳಿಜ್ವರ ಮರುಕಳಿಸುತ್ತಿದ್ದರೆ ಇನ್ನೆರಡು ಸಲ ಮಾಡಿಸಬೇಕು. ಗದ್ದೆಯ ಕೆಸರಲ್ಲಿ ಇಳಿದಿದ್ದು, ಮೀನಖಂಡ ವಿಪರೀತ ನೋಯುತ್ತಿದ್ದರೆ, ಕಣ್ಣು ಕೆಂಪಾಗಿದ್ದರೆ ಇಲಿಜ್ವರದ ಐಜಿಎಂ ಕೂಡ ಬೇಕು. ಮಲೆನಾಡಿನ ಓದುಗರಾಗಿದ್ದು ಕಾಡಿಗೆ ಹೋಗಿದ್ದರೆ ಮಂಗನ ಕಾಯಿಲೆಯನ್ನೂ ಸೇರಿಸುತ್ತಿದ್ದೆ.

ಅನುಮಾನ ಬಲವಾಗಿದ್ದರೆ ಡಾಕ್ಟರು ವರದಿಗೆ ಕಾಯದೆ ಡಾಕ್ಸಿಸೈಕ್ಲಿನ್ ಶುರು ಮಾಡುತ್ತಾರೆ, ದೊಡ್ಡವರಿಗೆ 100 ಮಿ.ಗ್ರಾಂ ದಿನಕ್ಕೆರಡು ಸಲ. ಗರ್ಭಿಣಿಯರಿಗೆ ಅಜಿತ್ರೋಮೈಸಿನ್. ಸ್ಕ್ರಬ್ ಟೈಫಸ್ ಆಗಿದ್ದರೆ ಸಾಮಾನ್ಯವಾಗಿ ಎರಡು ದಿನದಲ್ಲಿ ಜ್ವರ ಇಳಿಯುತ್ತದೆ. ಇಳಿಯದಿದ್ದರೆ ಮತ್ತೆ ಮೊದಲಿನಿಂದ ಯೋಚಿಸಬೇಕು. ಇದನ್ನು ಮೆಡಿಕಲ್ ಶಾಪಿನಲ್ಲಿ ನೀವೇ ಕೊಂಡು ಕೊಡಬೇಡಿ, ಇಂಜೆಕ್ಷನ್ ಕೊಡುತ್ತಿರುವ ಡಾಕ್ಟರನ್ನೇ ಕೇಳಿ.

ಉಸಿರಾಟ ವೇಗವಾದರೆ, ಮಾತು ತಡವರಿಸಿದರೆ ಅಥವಾ ಮಂಪರು ಬಂದರೆ, ಮೂತ್ರ ಕಡಿಮೆಯಾದರೆ, ಕಣ್ಣು ಹಳದಿಯಾದರೆ, ಎಲ್ಲಿಂದಾದರೂ ರಕ್ತ ಬಂದರೆ ಈ ಯಾವ ವರದಿಗೂ ಕಾಯಬೇಡಿ. ಐಸಿಯು ಇರುವ ಆಸ್ಪತ್ರೆಗೆ ಆ ಕೂಡಲೇ ಕರೆದುಕೊಂಡು ಹೋಗಿ. ಹಳೆಯ ಚೀಟಿಗಳನ್ನು ಜೊತೆಗೆ ಒಯ್ಯಿರಿ, ಯಾವ ಟೆಸ್ಟ್ ಜ್ವರದ ಎಷ್ಟನೇ ದಿನ ಮಾಡಿಸಿದ್ದು ಅಂತ ಪ್ರತಿಯೊಂದರ ಮೇಲೂ ಬರೆದಿರಲಿ.

— ಸಂಪಾದಕ